ಒಂಬತ್ತು ಡೀಸೆಲ್ ಲೆಡ್ಜರ್, ಒಂದೇ ಜೀಪು: ಒಂದು ಟ್ರಸ್ಟಿನ ಲೆಕ್ಕದ ಕೋಡುಗಳ ಪ್ರಕರಣ

ಹಾವೇರಿ ಜಿಲ್ಲೆಯ ಒಂದು ಸಣ್ಣ ಊರಿನಲ್ಲಿ ಈ ಟ್ರಸ್ಟ್ ಇದೆ. ಒಂದು ಶಾಲೆ, ಒಂದು ಕ್ಲಿನಿಕ್, ಜೊತೆಗೆ ಸುತ್ತಲ ಹಳ್ಳಿಗಳಲ್ಲಿ ಕೆರೆ ಹೂಳೆತ್ತಿಸುವ ಕೆಲಸ. ವರ್ಷದ ಖರ್ಚು ಸುಮಾರು 1 ಕೋಟಿ 20 ಲಕ್ಷ. ಲೆಕ್ಕ ಬರೆಯಲು ಒಬ್ಬ ಹೆಣ್ಣುಮಗಳು ಇದ್ದಾರೆ, ಟ್ಯಾಲಿ ಪ್ರೈಮ್ ಇದೆ, ವರ್ಷಕ್ಕೊಮ್ಮೆ ಆಡಿಟರ್ ಬರುತ್ತಾರೆ. ಇಂಥ ಸಂಸ್ಥೆಗಳಿಗೆ ಲೆಕ್ಕದ ವ್ಯವಸ್ಥೆ ಹಾಕಿಕೊಡುವುದು ನನ್ನ ಕೆಲಸ. ನನಗೆ ಫೋನ್ ಬಂದದ್ದು 2025ರ ಜನವರಿಯಲ್ಲಿ.

ಆದದ್ದಿಷ್ಟು. ಕೆರೆ ಕೆಲಸಕ್ಕೆ ಒಂದು ಕಂಪನಿ ತನ್ನ ಸಿಎಸ್‌ಆರ್ ಹಣದಿಂದ 22 ಲಕ್ಷ ಕೊಡಲು ಒಪ್ಪಿತ್ತು. ಜುಲೈ 2024ರಿಂದ 18 ತಿಂಗಳ ಯೋಜನೆ. ಮೊದಲ ಆರು ತಿಂಗಳಾದ ಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ: ಇಲ್ಲಿಯವರೆಗೆ ಯಾವ ಬಾಬ್ತಿಗೆ ಎಷ್ಟು ಖರ್ಚಾಗಿದೆ? ಟ್ರಸ್ಟಿನವರು ಮೊದಲು 6.3 ಲಕ್ಷ ಎಂದು ಬರೆದು ಕಳಿಸಿದರು. ಬಿಲ್ಲುಗಳ ನಕಲು ಕೇಳಿದಾಗ ಫೈಲು ತೆಗೆದು ಒಂದೊಂದೇ ಕೂಡಿಸಿದರು. ಹನ್ನೊಂದು ದಿನ ಹಿಡಿಯಿತು. ಸಿಕ್ಕಿದ್ದು 5.1 ಲಕ್ಷ. ಯಾರೂ ಹಣ ತಿಂದಿರಲಿಲ್ಲ. ಜೀಪಿನ ಡೀಸೆಲ್ ಪೂರ್ತಿ ಕೆರೆಯ ಮೇಲೆ ಬಿದ್ದಿತ್ತು, ಶಾಲೆಯ ಒಬ್ಬ ಅರೆಕಾಲಿಕ ಶಿಕ್ಷಕರ ಸಂಬಳವೂ ಹೇಗೋ ಅದರೊಳಗೆ ಸೇರಿಕೊಂಡಿತ್ತು. ಆದರೆ ಎರಡನೇ ಕಂತು ಕೊಡಬೇಕಾದ ಕಂಪನಿಗೆ ಇದನ್ನು ವಿವರಿಸುವುದು ಸುಲಭ ಅಲ್ಲ, ಅಲ್ವಾ?

ಲೆಡ್ಜರ್ ಪಟ್ಟಿಯಲ್ಲಿ ಏನಿತ್ತು

ನಾನು ಹೋದ ದಿನ ಮೊದಲು ತೆರೆದದ್ದು ಲೆಡ್ಜರ್ ಪಟ್ಟಿ. ಖರ್ಚಿನ ಲೆಡ್ಜರುಗಳೇ 164 ಇದ್ದವು. ಡೀಸೆಲ್‌ಗೆ ಒಂಬತ್ತು: ‘ಡೀಸೆಲ್’, ‘ಡೀಸಲ್ ಜೀಪು’, ‘ಡೀಸೆಲ್ ಕೆರೆ’, ‘ಡೀಸೆಲ್ ಕ್ಲಿನಿಕ್’, ‘ವಾಹನ ಇಂಧನ’, ‘ಡೀಸೆಲ್ ಶಾಲೆ ಹಳೇದು’, ಹೀಗೆ. ಜೀಪು ಮಾತ್ರ ಒಂದೇ.

ಇದು ಹೇಗೆ ಬೆಳೆಯುತ್ತದೆ ಎಂದು ನನಗೆ ಗೊತ್ತು. ಹೊಸ ಯೋಜನೆ ಬರುತ್ತದೆ. ಅದರ ಡೀಸೆಲ್ ಬೇರೆ ಕಾಣಬೇಕು ಎಂದು ಯಾರೋ ಹೇಳುತ್ತಾರೆ. ಕೈಗೆ ಸಿಗುವ ಉಪಾಯ ಹೊಸ ಲೆಡ್ಜರ್ ತೆರೆಯುವುದು. ಮುಂದಿನ ವರ್ಷ ಯೋಜನೆ ಮುಗಿದರೂ ಲೆಡ್ಜರ್ ಉಳಿಯುತ್ತದೆ. ಬರೆಯುವವರು ಬದಲಾದಾಗ ಕಾಗುಣಿತ ಬದಲಾಗುತ್ತದೆ, ಇನ್ನೊಂದು ಹುಟ್ಟುತ್ತದೆ. ಆಮೇಲೆ ಟ್ರಸ್ಟಿಗೆ ಒಟ್ಟು ಡೀಸೆಲ್ ಖರ್ಚು ಎಷ್ಟು ಎಂದು ಕೇಳಿದರೆ ಒಂಬತ್ತನ್ನು ಕೂಡಿಸಬೇಕು. ಕ್ಲಿನಿಕ್ಕಿಗೆ ಒಟ್ಟು ಎಷ್ಟು ಹೋಯಿತು ಎಂದರೆ 164ರಲ್ಲಿ ಹುಡುಕಬೇಕು.

ಇಲ್ಲಿ ಮೂರು ಬೇರೆ ಬೇರೆ ಪ್ರಶ್ನೆಗಳು ಒಂದೇ ಹೆಸರಿನೊಳಗೆ ತುರುಕಿಕೊಂಡಿದ್ದವು. ಏನು ಕೊಂಡದ್ದು? ಯಾರು ಖರ್ಚು ಮಾಡಿದ್ದು? ಯಾರ ಹಣ, ಯಾವ ಕೆಲಸದ ಹೆಸರಲ್ಲಿ? ಮೊದಲನೆಯದಕ್ಕೆ ಉತ್ತರ ಲೆಡ್ಜರ್, ಅಂದರೆ ಲೆಕ್ಕದ ಕೋಡು. ಎರಡನೆಯದು ವಿಭಾಗ. ಮೂರನೆಯದು ಯೋಜನೆ. ಕೊನೆಯ ಎರಡಕ್ಕೂ ಟ್ಯಾಲಿಯಲ್ಲಿ ಕೋಸ್ಟ್ ಸೆಂಟರ್ ಎನ್ನುವ ಬೇರೆಯೇ ಜಾಗ ಇದೆ.

ವಿಭಾಗ, ಯೋಜನೆ ಎರಡೂ ಒಂದೇ ಅಲ್ವಾ ಎಂದು ಮೊದಲ ಮೀಟಿಂಗಿನಲ್ಲೇ ಕೇಳಿದರು. ಅವರದೇ ಒಂದು ಬಿಲ್ಲು ತೋರಿಸಿದೆ. ಸಂಚಾರಿ ಕ್ಲಿನಿಕ್ ಎಂಬ ಇನ್ನೊಂದು ಯೋಜನೆ ಇತ್ತು, ಒಂದು ಪ್ರತಿಷ್ಠಾನದ ಹಣ. ಅದರಲ್ಲಿ ಮಕ್ಕಳ ಆರೋಗ್ಯ ತಪಾಸಣೆಯೂ ಸೇರಿತ್ತು. ತಪಾಸಣೆಯ ಕಾರ್ಡು ಮುದ್ರಿಸಿಕೊಂಡದ್ದು ಶಾಲೆ. ಬಿಲ್ಲಿಗೆ ಸಹಿ ಹಾಕಿದವರು ಮುಖ್ಯೋಪಾಧ್ಯಾಯಿನಿ. ಹಣ ಮಾತ್ರ ಸಂಚಾರಿ ಕ್ಲಿನಿಕ್‌ನದು. ಅಂದರೆ ವಿಭಾಗ ಶಾಲೆ, ಯೋಜನೆ ಸಂಚಾರಿ ಕ್ಲಿನಿಕ್, ಲೆಡ್ಜರ್ ಮುದ್ರಣ. ಎರಡನ್ನೂ ಒಂದೇ ಪಟ್ಟಿಯಲ್ಲಿ ಇಟ್ಟರೆ ಈ ಬಿಲ್ಲಿನ ಅರ್ಧ ಕಥೆ ಕಳೆದುಹೋಗುತ್ತದೆ.

ಖಜಾನೆಯಿಂದ ಬಂದ ಹಿರಿಯರು

ಟ್ರಸ್ಟಿಗಳಲ್ಲಿ ಒಬ್ಬರು ಖಜಾನೆ ಇಲಾಖೆಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತರಾದವರು. ಅವರಿಗೆ ಕೋಡು ಎಂದರೆ ಪ್ರೀತಿ. “ರೀ, ಇದಕ್ಕೆಲ್ಲ ತಲೆ ಯಾಕೆ ಕೆಡಿಸ್ಕೋತೀರಿ? ಸರ್ಕಾರದ ಲೆಕ್ಕ ಶೀರ್ಷಿಕೆ ನೋಡ್ರಿ. 2210 ಅಂದ್ರೆ ವೈದ್ಯಕೀಯ ಮತ್ತು ಸಾರ್ವಜನಿಕ ಆರೋಗ್ಯದ ರಾಜಸ್ವ ವೆಚ್ಚ. 4210 ಅಂದ್ರೆ ಅದರದೇ ಬಂಡವಾಳ ವೆಚ್ಚ. 0210 ಅಂದ್ರೆ ಅದರ ವರಮಾನ. ಮೊದಲ ಅಂಕಿ ನೋಡಿದ್ರ ಸಾಕು, ಎಂಥಾ ಹಣ ಅಂತ ಗೊತ್ತಾಗ್ತದ.”

ಅವರ ಮಾತು ಸರಿ. ಸರ್ಕಾರದ ಪ್ರಧಾನ ಶೀರ್ಷಿಕೆಗಳ ಅಂದ ಅದು. ಕೊನೆಯ ಮೂರು ಅಂಕಿ ಹಾಗೇ ಇರುತ್ತವೆ, ಮೊದಲ ಅಂಕಿ ಹಣದ ಜಾತಿ ಹೇಳುತ್ತದೆ. ಅದರ ಕೆಳಗೆ ಉಪ ಶೀರ್ಷಿಕೆ, ಕಿರು ಶೀರ್ಷಿಕೆ ಎಂದು ಉದ್ದಕ್ಕೆ ಜೋಡಿಸುತ್ತಾ ಹೋಗುತ್ತಾರೆ. ಹಿರಿಯರು ನಮಗೂ ಅಂಥದೇ ಉದ್ದನೆಯ ಒಂದು ಸಂಖ್ಯೆ ಮಾಡೋಣ ಎಂದರು: ವಿಭಾಗ, ಯೋಜನೆ, ಬಾಬ್ತು ಎಲ್ಲ ಸೇರಿಸಿ ಒಂದೇ ಸಾಲು.

ನಾನು ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದೆ. ನಮಗೆ ಬೇಕಾದದ್ದು 38 ಖರ್ಚಿನ ಲೆಡ್ಜರ್, 5 ವಿಭಾಗ, 3 ಯೋಜನೆ. ಎಲ್ಲ ಸೇರಿಸಿ ಒಂದೇ ಕೋಡು ಮಾಡಿದರೆ 38 × 5 × 3, ಅಂದರೆ 570 ಲೆಡ್ಜರ್. ಬೇರೆ ಬೇರೆ ಇಟ್ಟರೆ 38 + 5 + 3, ಒಟ್ಟು 46 ಹೆಸರು. ಒಂದು ಹೊಸ ಯೋಜನೆ ಬಂದರೆ ಮೊದಲನೆಯದರಲ್ಲಿ 190 ಹೊಸ ಲೆಡ್ಜರ್, ಎರಡನೆಯದರಲ್ಲಿ ಒಂದೇ ಹೆಸರು. ಹಿರಿಯರು ಕನ್ನಡಕ ತೆಗೆದು ಕಾಗದ ಎರಡು ಸಲ ನೋಡಿದರು. “ಹಂಗಾದ್ರ ಮೊದಲ ಅಂಕಿದಷ್ಟರ ಇಟ್ಕೋರಿ” ಎಂದರು. ಅದನ್ನು ಇಟ್ಟುಕೊಂಡೆವು.

ಕೋಡು ಹಾಕಿದ ಬಗೆ

ಲೆಡ್ಜರಿಗೆ ನಾಲ್ಕು ಅಂಕಿ. 1 ಎಂದರೆ ಆಸ್ತಿ, 2 ಸಾಲ ಮತ್ತು ಕೊಡಬೇಕಾದದ್ದು, 3 ನಿಧಿ, 4 ಆದಾಯ, 5 ಖರ್ಚು. ಖರ್ಚಿನಲ್ಲಿ ಎರಡನೇ ಅಂಕಿ ಗುಂಪು ಹೇಳುತ್ತದೆ: 51 ಸಂಬಳ ಸಾರಿಗೆ ಇತ್ಯಾದಿ ಜನರ ಖರ್ಚು, 52 ವಾಹನ, 53 ಕೆಲಸದ ಸಾಮಗ್ರಿ ಮತ್ತು ಬಾಡಿಗೆ ಯಂತ್ರ, 54 ಕಟ್ಟಡ, ವಿದ್ಯುತ್. ಹತ್ತು ಹತ್ತರ ಅಂತರ ಬಿಟ್ಟೆವು. ಡೀಸೆಲ್ 5210, ವಾಹನ ರಿಪೇರಿ 5220. ನಡುವೆ ಏನಾದರೂ ಸೇರಿಸಬೇಕಾದರೆ ಜಾಗ ಇರಲಿ ಅಂತ. ಈ ಸಂಖ್ಯೆಯನ್ನು ಟ್ಯಾಲಿಯಲ್ಲಿ ಲೆಡ್ಜರಿನ `Alias` ಜಾಗದಲ್ಲಿ ಹಾಕಿದರೆ, ನಮೂದಿಸುವಾಗ 5210 ಎಂದು ಒತ್ತಿದರೆ ಡೀಸೆಲ್ ತಾನೇ ಬರುತ್ತದೆ. ಕಾಗುಣಿತದ ಗೋಳು ಅಲ್ಲಿಗೆ ಮುಗಿಯಿತು.

ವಿಭಾಗಗಳು `D10` ಶಾಲೆ, `D20` ಕ್ಲಿನಿಕ್, `D30` ಹಳ್ಳಿ ಕೆಲಸ, `D40` ಆಡಳಿತ, `D50` ಜೀಪು. ಜೀಪು ವಿಭಾಗವೇ ಎಂದು ನಗಬೇಡಿ, ಮುಂದೆ ಹೇಳುತ್ತೇನೆ. ಯೋಜನೆಗಳು `P00` ಸ್ವಂತ ನಿಧಿ, `P2401` ಕೆರೆ, `P2402` ಸಂಚಾರಿ ಕ್ಲಿನಿಕ್. 24 ಎನ್ನುವುದು ಒಪ್ಪಂದವಾದ ವರ್ಷ. ಹಣ ಕೊಟ್ಟವರ ಹೆಸರನ್ನು ಕೋಡಿನಲ್ಲಿ ಬೇಕೆಂದೇ ಹಾಕಲಿಲ್ಲ. ಅದೇ ಕಂಪನಿ ಮುಂದಿನ ವರ್ಷ ಇನ್ನೊಂದು ಕೆರೆಗೆ ಹಣ ಕೊಟ್ಟರೆ ಎರಡು ಒಪ್ಪಂದ, ಎರಡು ಲೆಕ್ಕ. ಕೋಡು ಒಪ್ಪಂದಕ್ಕೆ ಒಂದು.

`P00` ಬಗ್ಗೆ ಒಂದು ಮಾತು. ಯೋಜನೆಗೆ ಸೇರದ ಖರ್ಚಿಗೆ ಯೋಜನೆಯ ಕಾಲಂ ಖಾಲಿ ಬಿಡಬಹುದಲ್ಲ ಎಂದು ಅನಿಸುತ್ತದೆ. ಬಿಡಬಾರದು. ಖಾಲಿ ಇದ್ದರೆ ಅದು ಸ್ವಂತ ಹಣವೋ, ಬರೆಯುವವರು ಮರೆತದ್ದೋ ಎಂದು ಗೊತ್ತಾಗುವುದಿಲ್ಲ. ಸ್ವಂತ ಹಣಕ್ಕೂ ಒಂದು ಹೆಸರು ಕೊಟ್ಟರೆ ಖಾಲಿ ಎಂದರೆ ತಪ್ಪು ಎಂದೇ ಅರ್ಥ.

ಟ್ಯಾಲಿಯಲ್ಲಿ ಮಾಡಿದ್ದು ಇಷ್ಟು. F11 ಒತ್ತಿ `Enable Cost Centres` ಎನ್ನುವುದಕ್ಕೆ `Yes`. ಆಮೇಲೆ `Cost Category` ಎರಡು: ವಿಭಾಗ, ಯೋಜನೆ. ಅವುಗಳ ಕೆಳಗೆ ಮೇಲಿನ ಸೆಂಟರುಗಳು. ಖರ್ಚಿನ ಪ್ರತಿ ಲೆಡ್ಜರಿನಲ್ಲಿ `Cost centres are applicable` ಎನ್ನುವುದಕ್ಕೆ `Yes`. ಎರಡು ಕೆಟಗರಿ ಇದ್ದರೆ ಒಂದೇ ಮೊತ್ತ ಎರಡರಲ್ಲೂ ಪೂರ್ತಿಯಾಗಿ ಹಂಚಿಕೆಯಾಗುತ್ತದೆ. 4,000 ರೂಪಾಯಿಯ ಮುದ್ರಣ ವಿಭಾಗದಲ್ಲಿ ಶಾಲೆಯ 4,000, ಯೋಜನೆಯಲ್ಲಿ ಸಂಚಾರಿ ಕ್ಲಿನಿಕ್ಕಿನ 4,000. ಇದು ಎರಡು ಸಲ ಎಣಿಸಿದ ಹಾಗಲ್ಲ, ಒಂದೇ ಹಣವನ್ನು ಎರಡು ಕಡೆಯಿಂದ ನೋಡಿದ್ದು.

ಶುರು ಮಾಡಿದ್ದು 2025ರ ಏಪ್ರಿಲ್ 1ರಿಂದ. ಫೆಬ್ರವರಿಯಲ್ಲೇ ಶುರು ಮಾಡೋಣ ಎಂಬ ಆತುರ ಟ್ರಸ್ಟಿಗಳಿಗಿತ್ತು. ನಡುವರ್ಷದಲ್ಲಿ ಸೆಂಟರ್ ಹಾಕಿದರೆ ಹಳೆಯ ವೋಚರುಗಳಿಗೆ ಸೆಂಟರ್ ತಾನಾಗಿ ಬರುವುದಿಲ್ಲ, ಒಂದೊಂದನ್ನೇ ತೆರೆದು ತಿದ್ದಬೇಕು. ಖರ್ಚಿನ ಲೆಡ್ಜರುಗಳ ಬಾಕಿ ಹೊಸ ವರ್ಷಕ್ಕೆ ಮುಂದೆ ಹೋಗುವುದೂ ಇಲ್ಲ. ಹಾಗಾಗಿ 164ನ್ನು ಅಲ್ಲಿಗೇ ಬಿಟ್ಟು, ಹೆಸರಿನ ಮುಂದೆ ‘ಹಳೆ’ ಎಂದು ಸೇರಿಸಿ, ಏಪ್ರಿಲ್ 1ಕ್ಕೆ 38ರಿಂದ ಹೊಸದಾಗಿ ಹೊರಟೆವು.

ಇನ್ನೊಂದು ಗಂಟು ಇಲ್ಲೇ ಬಿಡಿಸಬೇಕಿತ್ತು. ಕಂಪನಿಯ ಬಜೆಟ್ಟಿನಲ್ಲಿ ಅವರದೇ ಸಾಲುಗಳಿದ್ದವು: ‘ಸಮುದಾಯ ಸಂಘಟನೆ’, ‘ಭೌತಿಕ ಕಾಮಗಾರಿ’, ‘ಮೇಲ್ವಿಚಾರಣೆ’. ಇವೇ ಹೆಸರಲ್ಲಿ ಲೆಡ್ಜರ್ ತೆರೆಯೋಣ ಎಂದು ಸಲಹೆ ಬಂತು. ಹಾಗೆ ಮಾಡಿದರೆ ಪ್ರತಿ ದಾನಿಗೂ ಒಂದು ಭಾಷೆ, ಮತ್ತೆ 164. ಅದರ ಬದಲು ಎಕ್ಸೆಲ್‌ನಲ್ಲಿ ಒಂದು ಹೊಂದಾಣಿಕೆ ಪಟ್ಟಿ ಮಾಡಿದೆವು: `P2401` ಜೊತೆ 5310 ಬಂದರೆ ಅದು ಭೌತಿಕ ಕಾಮಗಾರಿ, 5120 ಬಂದರೆ ಸಮುದಾಯ ಸಂಘಟನೆ. ದಾನಿ ಬದಲಾದರೆ ಪಟ್ಟಿ ಬದಲಾಗುತ್ತದೆ, ಲೆಡ್ಜರ್ ಹಾಗೇ ಇರುತ್ತದೆ.

ಮೊದಲ ತಿಂಗಳು: ಎಲ್ಲ ಆಡಳಿತದ ತಲೆಗೆ

ಏಪ್ರಿಲ್ ಮುಗಿದ ಮೇಲೆ `Category Summary` ತೆರೆದು ನೋಡಿದರೆ ಆಡಳಿತ ವಿಭಾಗದಲ್ಲಿ ಬಜೆಟ್ಟಿನ ಎರಡು ಪಟ್ಟು ಹಣ. ಒಳಗೆ ಹೋಗಿ ನೋಡಿದೆ. ಕ್ಲಿನಿಕ್ಕಿನ ಹತ್ತಿ, ಶಾಲೆಯ ಸೀಮೆಸುಣ್ಣ, ಕೆರೆಯ ಹಗ್ಗ, ಎಲ್ಲ ಅಲ್ಲೇ.

ಲೆಕ್ಕ ಬರೆಯುವವರನ್ನು ಕೇಳಿದೆ. ಅವರೇನೂ ಮುಚ್ಚಿಡಲಿಲ್ಲ. “ಸರ್, ಬಿಲ್ಲಿನ ಮೇಲೆ ಅಂಗಡಿ ಹೆಸರು ಬಿಟ್ರೆ ಏನೂ ಇರಲ್ಲ. ಯಾರದು ಅಂತ ಫೋನ್ ಮಾಡಿ ಕೇಳ್ಬೇಕು. ಅವರು ಎತ್ತಲ್ಲ. ಸಂಜೆ ಆಗಿಬಿಡತ್ತೆ. ಸುಮ್ನೆ ಆಡಳಿತ ಹಾಕಿದೆ.” ನಾನು ಅವರ ಜಾಗದಲ್ಲಿ ಇದ್ದಿದ್ದರೂ ಅದನ್ನೇ ಮಾಡುತ್ತಿದ್ದೆ. ತಪ್ಪು ನನ್ನದು. ಕೋಡು ಹಾಕುವ ಕೆಲಸವನ್ನು ಲೆಕ್ಕದವರಿಗೆ ಬಿಟ್ಟಿದ್ದೆ. ಆದರೆ ಹತ್ತಿ ಯಾವುದಕ್ಕೆ ಎಂದು ಗೊತ್ತಿರುವುದು ಹತ್ತಿ ಕೊಂಡ ನರ್ಸಿಗೆ.

ಊರಿನಲ್ಲೇ ಒಂದು ರಬ್ಬರ್ ಸ್ಟ್ಯಾಂಪ್ ಮಾಡಿಸಿದೆವು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ನಾಲ್ಕು ಗೆರೆ: ಲೆಡ್ಜರ್, ವಿಭಾಗ, ಯೋಜನೆ, ಸಹಿ. ಬಿಲ್ಲಿನ ಹಿಂದೆ ಸ್ಟ್ಯಾಂಪ್ ಒತ್ತಿ, ಖರ್ಚು ಮಾಡಿದವರೇ ವಿಭಾಗ, ಯೋಜನೆ ಬರೆದು ಸಹಿ ಹಾಕಬೇಕು. ಲೆಡ್ಜರಿನ ಸಂಖ್ಯೆ ಮಾತ್ರ ಲೆಕ್ಕದವರು ಬರೆಯುತ್ತಾರೆ. ವಿಭಾಗ, ಯೋಜನೆ ಈ ಎರಡರಲ್ಲಿ ಒಂದು ಗೆರೆ ಖಾಲಿ ಇದ್ದರೂ ಆ ಬಿಲ್ಲಿಗೆ ದುಡ್ಡು ಇಲ್ಲ. ಈ ಕೊನೆಯ ನಿಯಮ ಇಲ್ಲದಿದ್ದರೆ ಸ್ಟ್ಯಾಂಪು ಮೇಜಿನ ಮೇಲೆ ಒಣಗುತ್ತಿತ್ತು. ಮೊದಲ ವಾರ ಜಗಳವಾಯಿತು. ಜೂನ್ ಹೊತ್ತಿಗೆ ಕ್ಲಿನಿಕ್ಕಿನ ಆಯಾ ಕೂಡ “ಇದು ಡಿ ಇಪ್ಪತ್ತು, ಪಿ ಸೊನ್ನೆ” ಎನ್ನುತ್ತಿದ್ದರು.

ತಿಂಗಳ ಕೊನೆಯ ತಾಳೆ, ಅದು ಹಿಡಿಯದ ತಪ್ಪು

ಪ್ರತಿ ತಿಂಗಳು ಮೂರು ಮೊತ್ತ ಒಂದೇ ಆಗಬೇಕು: ಖರ್ಚಿನ ಲೆಡ್ಜರುಗಳ ಒಟ್ಟು, ವಿಭಾಗಗಳ ಒಟ್ಟು, ಯೋಜನೆಗಳ ಒಟ್ಟು. ಜೂನ್‌ನಲ್ಲಿ ಮೊದಲ ಎರಡು 9,42,000 ಬಂದವು. ಯೋಜನೆಯ ಒಟ್ಟು 9,15,500. ಕೊರತೆ 26,500. ಒಂದು ಸಂಬಳದ ವೋಚರಿನಲ್ಲಿ ವಿಭಾಗ ಹಾಕಿ, ಯೋಜನೆಯ ಕೆಟಗರಿ ಬರುವ ಮೊದಲೇ ಎಂಟರ್ ಒತ್ತಿ ಹೊರಬಂದಿದ್ದರು. ಟ್ಯಾಲಿ ಅದನ್ನು ತಡೆಯುವುದಿಲ್ಲ. ಒಂದು ಕೆಟಗರಿಯೊಳಗೆ ಹಂಚಿಕೆ ಸರಿಹೋಗಬೇಕು ಎಂದು ಅದು ನೋಡುತ್ತದೆ, ಎರಡನೇ ಕೆಟಗರಿ ಬಿಟ್ಟರೆ ಸುಮ್ಮನಿರುತ್ತದೆ. ಹಾಗಾಗಿ ಈ ತಾಳೆ ನಾವೇ ನೋಡಬೇಕು.

ಆದರೆ ಈ ತಾಳೆಗೂ ಒಂದು ಕುರುಡು ಮೂಲೆ ಇದೆ. ಸಂಚಾರಿ ಕ್ಲಿನಿಕ್ ಯೋಜನೆಯಲ್ಲಿ 78,000ದ ಮೈಕ್ರೋಸ್ಕೋಪ್ ಕೊಂಡಿದ್ದರು. ಬಿಲ್ಲಿನ ಹಿಂದೆ `D20`, `P2402` ಎಂದು ನೀಟಾಗಿ ಬರೆದಿತ್ತು. ಜುಲೈನಲ್ಲಿ ದಾನಿಗೆ ವರದಿ ಮಾಡುವಾಗ ‘ಉಪಕರಣ’ ಎನ್ನುವ ಸಾಲಿನಲ್ಲಿ ಸೊನ್ನೆ. ಮೂರು ಮೊತ್ತಗಳ ತಾಳೆ ಸರಿಯಾಗೇ ಇತ್ತು, ಯಾಕೆಂದರೆ ಮೈಕ್ರೋಸ್ಕೋಪ್ ಖರ್ಚಿನ ಲೆಡ್ಜರಿನಲ್ಲಿ ಇರಲೇ ಇಲ್ಲ. ಅದು ಆಸ್ತಿ. ಕಾಸ್ಟ್ ಕೆಟಗರಿ ಮಾಡುವಾಗ ಟ್ಯಾಲಿ ಎರಡು ಪ್ರಶ್ನೆ ಕೇಳುತ್ತದೆ: `Allocate revenue items`, `Allocate non-revenue items`. ಎರಡನೆಯದಕ್ಕೆ ನಾನು `No` ಬಿಟ್ಟಿದ್ದೆ. ಆಸ್ತಿಯ ಲೆಡ್ಜರಿನಲ್ಲೂ ಸೆಂಟರ್ ಅನ್ವಯ ಎಂದು ಹಾಕಿರಲಿಲ್ಲ. ಬರೆಯುವಾಗ ಸೆಂಟರ್ ಕೇಳುವ ಪರದೆಯೇ ಬಂದಿಲ್ಲ.

ವ್ಯಾಪಾರ ಮಾಡುವ ಕಂಪನಿಯೊಂದರ ಸ್ವಂತ ಲೆಕ್ಕದಲ್ಲಿ ಇದರಿಂದ ಅಷ್ಟು ತೊಂದರೆ ಆಗದಿರಬಹುದು. ದಾನಿಯ ಹಣದಲ್ಲಿ ಹಾಗಲ್ಲ. ಅವರ ಪಾಲಿಗೆ ಕೊಂಡದ್ದೆಲ್ಲ ಖರ್ಚೇ. ಎರಡೂ ಪ್ರಶ್ನೆಗೆ `Yes` ಮಾಡಿ, 1ರಿಂದ ಶುರುವಾಗುವ ಉಪಕರಣದ ಲೆಡ್ಜರುಗಳಿಗೂ ಸೆಂಟರ್ ಹಾಕಿ, ಆ ವೋಚರ್ ತೆರೆದು ತಿದ್ದಿದೆವು. ಈಗ ತಾಳೆ ನೋಡುವಾಗ ಆ ತಿಂಗಳು ಕೊಂಡ ಆಸ್ತಿಯನ್ನೂ ಸೇರಿಸಿಕೊಳ್ಳುತ್ತೇವೆ.

ಇನ್ನೊಂದು ಮಿತಿ. ವಿಭಾಗದ ವರದಿ ಸಿಗುತ್ತದೆ, ಯೋಜನೆಯ ವರದಿ ಸಿಗುತ್ತದೆ. ಸಂಚಾರಿ ಕ್ಲಿನಿಕ್ಕಿನ ಹಣದಲ್ಲಿ ಶಾಲೆಯ ಮೂಲಕ ಹೋದದ್ದೆಷ್ಟು ಎಂದು ಕೇಳಿದರೆ, ಎರಡು ಕೆಟಗರಿಗಳನ್ನು ಅಡ್ಡ-ಉದ್ದ ಹೆಣೆದು ತೋರಿಸುವ ಸಿದ್ಧ ವರದಿ ನಮಗೆ ಸಿಗಲಿಲ್ಲ. ಒಂದೇ ಸಾಲಿನಲ್ಲಿ ಎರಡು ವಿಭಾಗ, ಎರಡು ಯೋಜನೆ ಹಂಚಿದ್ದರಂತೂ ಯಾವುದು ಯಾವುದರ ಜೋಡಿ ಎಂದು ಯಾರಿಗೂ ಹೇಳಲಾಗದು. ಅದಕ್ಕೆ ಒಂದು ಶಿಸ್ತು ಮಾಡಿಕೊಂಡೆವು: ವೋಚರಿನ ಒಂದು ಸಾಲಿಗೆ ಒಂದೇ ವಿಭಾಗ, ಒಂದೇ ಯೋಜನೆ. ಎರಡು ಜೋಡಿ ಇದ್ದರೆ ಎರಡು ಸಾಲು. ಆಮೇಲೆ ಎಕ್ಸೆಲ್‌ನಲ್ಲಿ ಒಂದು ಹಾಳೆ, ಅದರಲ್ಲಿ C ಕಾಲಂ ವಿಭಾಗ, D ಯೋಜನೆ, E ಮೊತ್ತ:

```
=SUMIFS(E:E, C:C, "D10", D:D, "P2402")
```

ಜೀಪು

ಈಗ ಜೀಪಿನ ಕಥೆ. ಡೀಸೆಲ್ ಹಾಕಿಸುವಾಗ ಅದು ಯಾರಿಗೆ ಎಂದು ಯಾರಿಗೂ ಗೊತ್ತಿರುವುದಿಲ್ಲ. ಬೆಳಿಗ್ಗೆ ತಾಂಡಾಕ್ಕೆ ಸಂಚಾರಿ ಕ್ಲಿನಿಕ್, ಮಧ್ಯಾಹ್ನ ಕೆರೆ ಏರಿ, ಸಂಜೆ ಬ್ಯಾಂಕು. ಬಿಲ್ಲು ಬಂದಾಗಲೇ ಹಂಚಲು ಹೋದರೆ ಅಂದಾಜೇ ಗತಿ. ಅದಕ್ಕೇ ಜೀಪನ್ನು ಒಂದು ವಿಭಾಗ ಮಾಡಿದ್ದು. ಡೀಸೆಲ್, ಚಾಲಕರ ಸಂಬಳ, ರಿಪೇರಿ, ಎಲ್ಲ ಮೊದಲು `D50` ಮೇಲೆ, ಯೋಜನೆ `P00`. ತಿಂಗಳ ಕೊನೆಯಲ್ಲಿ ಲಾಗ್ ಬುಕ್ ನೋಡಿ ಹಂಚುವುದು.

ಜೂನ್ ತಿಂಗಳು: ಡೀಸೆಲ್ 11,200, ಚಾಲಕರ ಸಂಬಳ 16,800, ರಿಪೇರಿ ಮತ್ತು ಒಂದು ಟಯರ್ 8,000. ಒಟ್ಟು 36,000. ಲಾಗ್ ಬುಕ್ಕಿನಲ್ಲಿ ಓಡಿದ್ದು 1,500 ಕಿಲೋಮೀಟರ್. ಕಿಲೋಮೀಟರಿಗೆ 24 ರೂಪಾಯಿ. ಸಂಚಾರಿ ಕ್ಲಿನಿಕ್ 750, ಕೆರೆ 450, ಶಾಲೆ 150, ಆಫೀಸು 150. ಹಂಚಲು 5290 ಎಂದು ಒಂದು ಲೆಡ್ಜರ್ ತೆರೆದೆವು, ಹೆಸರು ‘ವಾಹನ ಬಳಕೆ ಹಂಚಿಕೆ’. ಜರ್ನಲ್ ಹೀಗೆ:

```
Dr 5290  D20  P2402  18,000
Dr 5290  D30  P2401  10,800
Dr 5290  D10  P00     3,600
Dr 5290  D40  P00     3,600
Cr 5290  D50  P00    36,000
```

ಒಂದೇ ಲೆಡ್ಜರಿನ ಎರಡೂ ಬದಿ ಇರುವುದರಿಂದ ಅದರ ಬಾಕಿ ಸೊನ್ನೆ. ಟ್ರಸ್ಟಿನ ಒಟ್ಟು ಖರ್ಚು ಒಂದು ಪೈಸೆಯೂ ಬದಲಾಗುವುದಿಲ್ಲ. ಬದಲಾಗುವುದು ಯಾರ ಮೇಲೆ ಎನ್ನುವುದು ಮಾತ್ರ. ಹಂಚಿದ ಮೇಲೆ `D50` ಸೊನ್ನೆಯಾಗಬೇಕು. ಸೊನ್ನೆ ಆಗದಿದ್ದರೆ ಯಾವುದೋ ಜೀಪಿನ ಬಿಲ್ಲು ಹಂಚಿದ ಮೇಲೆ ಬಂದಿದೆ, ಅಥವಾ ಬೇರೆಯ ಬಿಲ್ಲು ಜೀಪಿನ ಮೇಲೆ ಬಿದ್ದಿದೆ.

ಎಲ್ಲ ದಾನಿಗಳೂ ಇದನ್ನು ಒಪ್ಪುವುದಿಲ್ಲ. ಕೆಲವರಿಗೆ ತಮ್ಮ ಯೋಜನೆಯ ಹೆಸರಿನ ಬಿಲ್ಲೇ ಬೇಕು, ಹಂಚಿಕೆ ಬೇಡ. ನಮ್ಮ ಇಬ್ಬರೂ ದಾನಿಗಳಿಗೆ ಮೊದಲೇ ಪತ್ರ ಬರೆದು, ಲಾಗ್ ಬುಕ್ಕಿನ ನಕಲು ಲಗತ್ತಿಸುತ್ತೇವೆ ಎಂದು ಹೇಳಿ ಒಪ್ಪಿಗೆ ತೆಗೆದುಕೊಂಡೆವು. ಆಫೀಸಿನ ಬಾಡಿಗೆ, ಆಡಿಟ್ ಫೀ ಇಂಥವನ್ನು ಯೋಜನೆಗೆ ಎಷ್ಟು ಹಾಕಬಹುದು ಎನ್ನುವುದೂ ಒಪ್ಪಂದದಲ್ಲಿ ಬರೆದಷ್ಟೇ. ಸಿಎಸ್‌ಆರ್‌ನಲ್ಲಿ ಆಡಳಿತ ಖರ್ಚಿಗೆ 5% ಇದೆಯಲ್ಲ ಎಂದು ಹಿರಿಯರು ಕೇಳಿದರು. ಬಹಳ ಜನ ಹಾಗೇ ತಿಳಿದುಕೊಂಡಿದ್ದಾರೆ. ಆ 5% ಮಿತಿ ಇರುವುದು ಕಂಪನಿ ತನ್ನ ಸಿಎಸ್‌ಆರ್ ವಿಭಾಗ ನಡೆಸಲು ಮಾಡುವ ಖರ್ಚಿಗೆ. ನಮ್ಮ ಆಫೀಸಿನ ಬಾಡಿಗೆಗೆ ಅದು ಹಕ್ಕುಪತ್ರ ಅಲ್ಲ. ವಿದೇಶಿ ಹಣ ಬರುವ ಸಂಸ್ಥೆಯಾದರೆ ಕಥೆಯೇ ಬೇರೆ. ಅಲ್ಲಿ ಬ್ಯಾಂಕ್ ಖಾತೆಯೂ ಬೇರೆ ಇರಬೇಕು, ಬರೀ ಕೋಸ್ಟ್ ಸೆಂಟರ್ ಸಾಲದು.

ಬಜೆಟ್ಟಿನ ಎದುರು ಇಟ್ಟಾಗ

ಕೆರೆ ಯೋಜನೆಯಲ್ಲಿ ಏಪ್ರಿಲ್ 1ಕ್ಕೆ ಉಳಿದಿದ್ದದ್ದು 16 ಲಕ್ಷ, ಒಂಬತ್ತು ತಿಂಗಳಿಗೆ. ಮೊದಲ ಕರಡಿನಲ್ಲಿ ಯಾರೋ ಅದನ್ನು ಒಂಬತ್ತರಿಂದ ಭಾಗಿಸಿ ತಿಂಗಳಿಗೆ 1.78 ಲಕ್ಷ ಎಂದು ಹಾಕಿದ್ದರು. ಹೂಳು ತೆಗೆಯುವುದು ಕೆರೆ ಒಣಗಿದಾಗ. ಮುಂಗಾರು ಬಂತೆಂದರೆ ಜೆಸಿಬಿ ಇಳಿಯುವುದಿಲ್ಲ. ಹಾಗಾಗಿ ಏಪ್ರಿಲ್, ಮೇ ಎರಡೇ ತಿಂಗಳಿಗೆ 11 ಲಕ್ಷ ಇಟ್ಟು, ಉಳಿದ 5 ಲಕ್ಷವನ್ನು ಏಳು ತಿಂಗಳಿಗೆ ಹರಡಿದೆವು. ಭಾಗಿಸಿ ಬಿಟ್ಟಿದ್ದರೆ ಮೇ ಕೊನೆಗೆ ಬಜೆಟ್ಟಿನ ಮೂರು ಪಟ್ಟು ಖರ್ಚು ಎಂದು ವರದಿ ಕೂಗುತ್ತಿತ್ತು, ಮೀಟಿಂಗಿನಲ್ಲಿ ಅರ್ಧ ದಿನ ಅದಕ್ಕೇ ಹೋಗುತ್ತಿತ್ತು.

ಮೇ 31ಕ್ಕೆ ಪುಸ್ತಕದಲ್ಲಿ 10,20,000. ಬಜೆಟ್ಟಿಗಿಂತ 80,000 ಕಡಿಮೆ. ಹಳ್ಳಿ ಕೆಲಸದ ಉಸ್ತುವಾರಿ ನೋಡುವವರು ಖುಷಿಯಾಗಿ, ಉಳಿದದ್ದರಲ್ಲಿ ತೂಬು ರಿಪೇರಿ ಮಾಡಿಸೋಣ ಎಂದರು. ನಾನು ಜೆಸಿಬಿಯವರ ಬಿಲ್ಲು ಎಲ್ಲಿ ಎಂದು ಕೇಳಿದೆ. ಅವರು ಜೇಬಿನಿಂದ ಒಂದು ಸಣ್ಣ ಡೈರಿ ತೆಗೆದರು. ಗಂಟೆಗಳ ಲೆಕ್ಕ ಅದರಲ್ಲಿತ್ತು. ಕೊನೆಯ ಮೂರು ವಾರದಲ್ಲಿ 212 ಗಂಟೆ, ಗಂಟೆಗೆ 1,200. ಬಿಲ್ಲು ಇನ್ನೂ ಬಂದಿಲ್ಲ. 2,54,400. ಅಂದರೆ 80,000 ಉಳಿದಿರಲಿಲ್ಲ, 1,74,400 ಜಾಸ್ತಿಯಾಗಿತ್ತು.

ಕೋಸ್ಟ್ ಸೆಂಟರ್ ಎಷ್ಟೇ ಚೆನ್ನಾಗಿದ್ದರೂ ಟ್ಯಾಲಿಗೆ ಬರೆದದ್ದನ್ನು ಮಾತ್ರ ತೋರಿಸುತ್ತದೆ. ಡೈರಿಯಲ್ಲಿ ಇರುವುದು ಅದಕ್ಕೆ ಗೊತ್ತಿಲ್ಲ. ಆವತ್ತಿನಿಂದ ಎಕ್ಸೆಲ್ ಹಾಳೆಯಲ್ಲಿ ಬಜೆಟ್, ಖರ್ಚು ಇವೆರಡರ ಪಕ್ಕ ‘ಮಾತು ಕೊಟ್ಟದ್ದು’ ಎಂದು ಮೂರನೇ ಕಾಲಂ ಇದೆ. ಕೆಲಸ ಮುಗಿದು ಬಿಲ್ಲು ಬಾರದ್ದು, ಆರ್ಡರ್ ಕೊಟ್ಟು ಸಾಮಾನು ಬಾರದ್ದು ಎಲ್ಲ ಅಲ್ಲಿ. ಅದನ್ನು ತುಂಬುವವರು ಆಯಾ ವಿಭಾಗದವರು, ಪ್ರತಿ ಶನಿವಾರ. ತೂಬಿನ ರಿಪೇರಿ ಆ ವರ್ಷ ಆಗಲಿಲ್ಲ. ಉಳಿದ ಏಳು ತಿಂಗಳ 5 ಲಕ್ಷದಲ್ಲೇ ಆ 1,74,400 ತೀರಿಸಬೇಕಾಯಿತು. ಬದುವಿಗೆ ಹುಲ್ಲು ನೆಡುವುದನ್ನು ಅರ್ಧಕ್ಕೆ ಇಳಿಸಿ, ಅದಕ್ಕೆ ಕಂಪನಿಯ ಒಪ್ಪಿಗೆ ಪಡೆದೆವು.

ಡಿಸೆಂಬರ್ 31ಕ್ಕೆ ಕೆರೆ ಯೋಜನೆ ಮುಗಿಯಿತು. ಈ ಸಲ ಬಾಬ್ತುವಾರು ವರದಿ ತೆಗೆಯಲು ಒಂದು ಬೆಳಗು ಸಾಕಾಯಿತು. ವಹಿವಾಟು ಇರುವ ಸೆಂಟರನ್ನು ಟ್ಯಾಲಿ ಅಳಿಸಲು ಬಿಡುವುದಿಲ್ಲ. ಹೆಸರಿನ ಮುಂದೆ ‘ಮುಗಿದಿದೆ’ ಎಂದು ಸೇರಿಸಿದೆವು. ಜನವರಿ ಎರಡನೇ ವಾರ ನರ್ಸರಿಯವರು 18,500ರ ಹುಲ್ಲಿನ ಬಿಲ್ಲು ಹಿಡಿದುಕೊಂಡು ಬಂದರು. ಅಕ್ಟೋಬರಿನ ಮಾಲು, ಮೂರನೇ ಕಾಲಂನಲ್ಲಿ ಬರೆಯಲು ಮರೆತದ್ದು. ಬಿಲ್ಲಿನ ಹಿಂದೆ ಸ್ಟ್ಯಾಂಪ್ ಒತ್ತಿ, ಉಸ್ತುವಾರಿಯವರು ಯೋಜನೆಯ ಗೆರೆಯ ಮುಂದೆ ಪೆನ್ನು ಹಿಡಿದು ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ಆಮೇಲೆ `P00` ಎಂದು ಬರೆದು ಸಹಿ ಹಾಕಿದರು.